ತಲಕಾವೇರಿ ತೀರ್ಥೋದ್ಭವಕ್ಕೆ 36 ಜನ ಹೊರಟರೆ: ಬಸ್ಸಿನ ಸಾಮಾನು ಯಾವುದು, ಕೈಚೀಲದ ಸಾಮಾನು ಯಾವುದು

ನಮ್ಮ ಬೀದಿಯ ಹನ್ನೊಂದು ಮನೆಯವರು ಸೇರಿ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವುದು ರೂಢಿ. ಕುಶಾಲನಗರದಲ್ಲಿ ನಮ್ಮ ಹಿತ್ತಲ ಆಚೆಗೇ ಕಾವೇರಿ ಹರಿಯುತ್ತಾಳೆ. ಆದರೂ ಅವಳು ಹುಟ್ಟುವ ಜಾಗದಲ್ಲಿ ಆ ಗಳಿಗೆಗೆ ನಿಂತು ಕೈಮುಗಿಯಬೇಕು ಅನ್ನುವ ಆಸೆ ಎಲ್ಲರಿಗೂ. ಸಾಮಾನಿನ ಪಟ್ಟಿ ಮಾಡುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ.

ಮೊದಲು ನಾನೂ ಎಲ್ಲರ ಹಾಗೆ ಎರಡು ಪಟ್ಟಿ ಮಾಡುತ್ತಿದ್ದೆ. ಎಲ್ಲರಿಗೂ ಬೇಕಾದದ್ದು ಒಂದು ಕಡೆ, ಒಬ್ಬರಿಗೇ ಬೇಕಾದದ್ದು ಇನ್ನೊಂದು ಕಡೆ. ಒಂದು ವರ್ಷ ಅದು ಕೈಕೊಟ್ಟಿತು. ಎಲ್ಲರ ಮಾತ್ರೆಗಳನ್ನೂ ಒಂದೇ ಡಬ್ಬಿಗೆ ಹಾಕಿ, ಹೆಸರು ಬರೆದು, ನೀಟಾಗಿ ಬಸ್ಸಿನಲ್ಲಿ ಇಟ್ಟಿದ್ದೆ. ಬಸ್ಸು ಭಾಗಮಂಡಲದಲ್ಲೇ ನಿಂತಿತು. ನಾವು ಬೇರೆ ಬಸ್ ಹತ್ತಿ ಎಂಟು ಕಿಲೋಮೀಟರ್ ಮೇಲೆ ತಲಕಾವೇರಿಯಲ್ಲಿದ್ದೆವು. ಎದುರುಮನೆ ಅಜ್ಜಿಗೆ ರಾತ್ರಿ ತೆಗೆದುಕೊಳ್ಳಬೇಕಿದ್ದ ಬಿಪಿ ಮಾತ್ರೆ ಸಿಕ್ಕಿದ್ದು ಮಾರನೇ ದಿನ ಬೆಳಗ್ಗೆ. ಅವರಿಗೆ ತಲೆ ಸುತ್ತಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಆ ರಾತ್ರಿ ನಾನು ಅವರ ಪಕ್ಕ ಕೂತು ಪಟ್ಟ ಸಂಕಟ ಇನ್ನೂ ನೆನಪಿದೆ. ಸಾಮಾನು ವಿಂಗಡಿಸುವ ರೀತಿಯನ್ನೇ ಆಮೇಲೆ ಬದಲಾಯಿಸಿದೆ.

ಮೊದಲು ಕೇಳಬೇಕಾದ ಪ್ರಶ್ನೆ

ಒಂದೊಂದು ಸಾಮಾನು ಕೈಗೆತ್ತಿಕೊಂಡಾಗಲೂ ಹೀಗೆ ಕೇಳಿಕೊಳ್ಳಿ: "ಬಸ್ಸು ಆರು ಗಂಟೆ ಕೈಗೆ ಸಿಗದಿದ್ದರೆ ಇದಿಲ್ಲದೆ ನಡೆಯುತ್ತದಾ?" ನಡೆಯುತ್ತದೆ ಅಂದರೆ ಅದು ಬಸ್ಸಿನ ಸಾಮಾನು. ನಡೆಯುವುದಿಲ್ಲ, ಆದರೆ ಐದಾರು ಜನಕ್ಕೆ ಒಂದಿದ್ದರೆ ಸಾಕು ಅಂದರೆ ಅದು ಗುಂಪಿನ ಚೀಲಕ್ಕೆ. ನಡೆಯುವುದೇ ಇಲ್ಲ, ಹಂಚಿಕೊಳ್ಳಲೂ ಆಗುವುದಿಲ್ಲ ಅಂದರೆ ಅದು ಅವರವರ ಮೈಮೇಲೆ ಅಥವಾ ಹೆಗಲಲ್ಲೇ ಇರಬೇಕು.

ಹೀಗೆ ಎರಡು ಪಟ್ಟಿ ಇದ್ದದ್ದು ಮೂರಾಯಿತು. ಜಾತ್ರೆಯ ದಿನ ಜನ ಜಾಸ್ತಿಯಾದರೆ ಖಾಸಗಿ ಬಸ್ಸುಗಳನ್ನು ಭಾಗಮಂಡಲದಲ್ಲೇ ನಿಲ್ಲಿಸುತ್ತಾರೆ. ಅಲ್ಲಿಂದ ಮೇಲಕ್ಕೆ ಸರ್ಕಾರಿ ಬಸ್ಸೇ ಗತಿ. ಕೆಲವರು ಹರಕೆ ಅಂತ ನಡೆದೇ ಹೋಗುತ್ತಾರೆ. 36 ಜನಕ್ಕೂ ಒಂದೇ ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ. ಹಾಗಾಗಿ ಎಲ್ಲರ ಸಾಮಾನು ಅಂತ ನೀವು ಒಟ್ಟು ಮಾಡಿದ್ದು ಒಬ್ಬರಿಗೂ ಸಿಗದ ಜಾಗದಲ್ಲಿ ಉಳಿದುಬಿಡುತ್ತದೆ.

ಸಂಕ್ರಮಣದ ಸಮಯ ನೋಡಿ ಪಟ್ಟಿ ಶುರು ಮಾಡಿ

ಕಾವೇರಿ ಹುಟ್ಟುವ ಪುಟ್ಟ ತೊಟ್ಟಿಯಾದ ಕುಂಡಿಕೆಯಲ್ಲಿ ತೀರ್ಥ ಉಕ್ಕುವುದು ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಗೆ. ದಿನ ಸಾಮಾನ್ಯವಾಗಿ ಅಕ್ಟೋಬರ್ 17, ಕೆಲವು ವರ್ಷ 18. ಹೊತ್ತು ಮಾತ್ರ ಪ್ರತಿ ವರ್ಷ ಬೇರೆ. 2022ರಲ್ಲಿ ಸಂಜೆ 7 ದಾಟಿತ್ತು. 2023ರಲ್ಲಿ ನಡುರಾತ್ರಿ 1 ಗಂಟೆಯ ಮೇಲೆ, ಅಂದರೆ 18ನೇ ತಾರೀಕಿಗೆ ಬಿತ್ತು. 2024ರಲ್ಲಿ ಬೆಳಗ್ಗೆ 7.40. 2025ರಲ್ಲಿ ಮಧ್ಯಾಹ್ನ 1.44.

ಗಮನಿಸಿದಿರಾ, ವರ್ಷಕ್ಕೆ ಆರು ಗಂಟೆ ಮತ್ತು ಕೆಲವು ನಿಮಿಷ ಮುಂದಕ್ಕೆ ಹೋಗುತ್ತಿದೆ. ಸೂರ್ಯ ಒಂದು ಸುತ್ತು ಮುಗಿಸಲು 365 ದಿನದ ಮೇಲೆ ಆರು ಗಂಟೆ ಚಿಲ್ಲರೆ ಬೇಕು. ಆ ಚಿಲ್ಲರೆಯೇ ಹೀಗೆ ಸೇರುತ್ತಾ ಹೋಗುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಒಂದು ದಿನ ಹೆಚ್ಚಾದಾಗ ಲೆಕ್ಕ ಹೆಚ್ಚುಕಡಿಮೆ ಮೊದಲಿನ ಜಾಗಕ್ಕೆ ಬರುತ್ತದೆ. ಈ ಲೆಕ್ಕದಲ್ಲಿ 2026ರದ್ದು ಸಂಜೆ ಕತ್ತಲಾದ ಮೇಲೆ, 2027ರದ್ದು ನಡುರಾತ್ರಿ ದಾಟಿದ ಮೇಲೆ ಬೀಳಬೇಕು. ನಿಖರ ಸಮಯವನ್ನು ದೇವಸ್ಥಾನದವರು ಮೊದಲೇ ಪ್ರಕಟಿಸುತ್ತಾರೆ. ಅದನ್ನೇ ನಂಬಿ.

ಇಷ್ಟು ಹೇಳಿದ್ದು ಯಾಕೆ ಅಂದರೆ, ಹಗಲಿನ ವರ್ಷದ ಪಟ್ಟಿ ರಾತ್ರಿಯ ವರ್ಷಕ್ಕೆ ಸಾಲುವುದಿಲ್ಲ. ಬೆಳಗ್ಗೆ 7.40ರ ತೀರ್ಥೋದ್ಭವ ಅಂದರೂ ಊರಿಂದ ಹೊರಡುವುದು ನಡುರಾತ್ರಿ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್, ಅಲ್ಲಿಂದ ಭಾಗಮಂಡಲಕ್ಕೆ ಹತ್ತಿರ ಹತ್ತಿರ 40. ದೂರ ಜಾಸ್ತಿ ಏನಲ್ಲ, ಆದರೆ ಆ ದಿನ ಕಾಯುವುದೇ ಹೆಚ್ಚು. ಮಧ್ಯಾಹ್ನದ ವರ್ಷ ಮಾತ್ರ ಕಂಬಳಿ ಕಡಿಮೆ ಮಾಡಬಹುದು. ಉಳಿದ ಮೂರು ವರ್ಷ ಟಾರ್ಚು, ಸ್ವೆಟರ್, ಬಿಸಿ ಕಾಫಿ ಪಟ್ಟಿಯ ತಲೆಯಲ್ಲೇ ಇರಲಿ. ಬ್ರಹ್ಮಗಿರಿಯ ಮೇಲೆ ಅಕ್ಟೋಬರ್‌ನಲ್ಲೂ ಮಂಜು ಮುಸುಕುತ್ತದೆ, ಇದ್ದಕ್ಕಿದ್ದಂತೆ ಮಳೆ ಹನಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತರೆ ಚಳಿ ಮೂಳೆಗೇ ಇಳಿಯುತ್ತದೆ.

ಆರು ಜನಕ್ಕೊಂದು ಗುಂಪು

36 ಜನವನ್ನು ಆರಾರರ ಆರು ಗುಂಪು ಮಾಡಿ. ಬಸ್ ಹತ್ತುವಾಗ, ಸಾಲಿನಲ್ಲಿ ನಿಲ್ಲುವಾಗ ಆರು ಜನ ಒಟ್ಟಿಗೆ ಇರಬಹುದು. ಹನ್ನೆರಡಾದರೆ ಆಗುವುದಿಲ್ಲ. ನಾಲ್ಕಾದರೆ ಗುಂಪಿನ ಚೀಲ ಹೊರಲು ಸರದಿ ಸಾಲದು.

ಮನೆಮನೆಯವರೇ ಒಂದು ಗುಂಪು ಆಗಬೇಕು ಅಂತಿಲ್ಲ. ಪ್ರತಿ ಗುಂಪಿನಲ್ಲೂ ಗಟ್ಟಿಮುಟ್ಟಾದವರು ಇಬ್ಬರಾದರೂ ಇರಲಿ. ನಮ್ಮಲ್ಲಿ ಅರವತ್ತು ದಾಟಿದವರು ಆರು ಜನ, ಮಕ್ಕಳು ಏಳು. ಒಂದೊಂದು ಗುಂಪಿಗೆ ಒಬ್ಬರು ಹಿರಿಯರು, ಒಂದು ಮಗು ಬರುವ ಹಾಗೆ ಹಂಚಿದೆವು. ಏಳನೇ ಮಗು ಕೈಗೂಸು, ಅದು ತಾಯಿಯ ಗುಂಪಿನಲ್ಲೇ ಉಳಿಯಿತು. ಒಂದು ಮನೆಯ ಅತ್ತೆ ಸೊಸೆ ಬೇರೆ ಬೇರೆ ಗುಂಪಿಗೆ ಬಿದ್ದಾಗ "ಅತ್ತೆಯನ್ನು ಬಿಟ್ಟು ನಾನು ಹೇಗೆ ಹೋಗಲಿ?" ಅಂತ ಸೊಸೆ ಬೇಜಾರು ಮಾಡಿಕೊಂಡರು. ಕೂಡಲೇ ಬದಲಾಯಿಸಿದೆವು. ಇಂಥ ಮಾತನ್ನು ಹಟ ಮಾಡದೆ ಕೇಳಿ. ಮನಸ್ಸಿಲ್ಲದ ಗುಂಪು ಜನಸಂದಣಿಯಲ್ಲಿ ತಾನಾಗಿಯೇ ಒಡೆಯುತ್ತದೆ.

ಗುಂಪಿಗೆ ಒಬ್ಬರು ಮುಂದಾಳು. ಅವರ ಕೆಲಸ ಎರಡೇ: ತಲೆ ಎಣಿಸುವುದು, ಗುಂಪಿನ ಚೀಲ ಯಾರ ಹೆಗಲಲ್ಲಿದೆ ಅಂತ ತಿಳಿದಿರುವುದು.

ಅವರವರ ಹೆಗಲಿಗೆ

ಇದು ಚಿಕ್ಕ ಚೀಲ. ಎರಡು ಕೈಯೂ ಖಾಲಿ ಇರುವ ಹಾಗೆ ಬೆನ್ನಿಗೆ ಅಥವಾ ಹೆಗಲಿಗೆ ಅಡ್ಡ ಹಾಕುವಂತಿರಬೇಕು. ಇದರಲ್ಲಿ ಮೊದಲು ಮಾತ್ರೆ. ದಿನವೂ ತೆಗೆದುಕೊಳ್ಳುವ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ, ದಮ್ಮಿನವರ ಇನ್ಹೇಲರ್ ಯಾವ ಕಾರಣಕ್ಕೂ ಬೇರೆಯವರ ಕೈಗೆ ಹೋಗಬಾರದು. ಒಂದು ದಿನದ ಪ್ರಯಾಣವಾದರೂ ಎರಡು ದಿನದ್ದು ಇಟ್ಟುಕೊಳ್ಳಿ. ಮಾತ್ರೆಯನ್ನು ಸ್ಟ್ರಿಪ್‌ನಿಂದ ಬಿಡಿಸದೆ ಹಾಗೇ ಇಡಿ. ಹೆಸರು ಅದರ ಮೇಲೆ ಇದ್ದರೆ ಕಷ್ಟಕ್ಕೆ ಬಂದ ಡಾಕ್ಟರಿಗೆ ಓದಲು ಆಗುತ್ತದೆ. ಶುಗರ್ ಇರುವವರ ಚೀಲದಲ್ಲಿ ನಾಲ್ಕು ಗ್ಲೂಕೋಸ್ ಬಿಸ್ಕತ್ತು, ಒಂದು ಬೆಲ್ಲದ ಚೂರು ಇರಲಿ. ತೀರ್ಥ ಆಗುವವರೆಗೆ ಉಪವಾಸ ಅಂತ ಹಿರಿಯರು ಹಿಡಿದಿರುತ್ತಾರೆ. ಸಮಯ ಮಧ್ಯಾಹ್ನ 1.44 ಆದರೆ ಆ ಉಪವಾಸ ತುಂಬಾ ಉದ್ದವಾಗುತ್ತದೆ. ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ಕೆಳಗಿಳಿಯುತ್ತದೆ. ಮೈ ಬೆವರಿ ನಡುಗುವುದೇ ಅದರ ಗುರುತು. ಹೊರಡುವ ವಾರ ಮೊದಲೇ ಡಾಕ್ಟರ ಹತ್ತಿರ ಕೇಳಿಸಿ.

ಎರಡನೆಯದು ಒಂದು ಚೀಟಿ. ಹೆಸರು, ಊರು, ಮುಂದಾಳುವಿನ ನಂಬರು, ಮನೆಯಲ್ಲಿ ಉಳಿದವರೊಬ್ಬರ ನಂಬರು, ಅಲರ್ಜಿ ಇದ್ದರೆ ಅದು. ಮೊಬೈಲಿನಲ್ಲಿ ಎಲ್ಲಾ ಇದೆಯಲ್ಲ ಅನ್ನಬೇಡಿ. ಬೆಟ್ಟದ ಮೇಲೆ ಅಷ್ಟು ಜನ ಸೇರಿದಾಗ ಫೋನ್ ಸಿಗುವುದೇ ಕಷ್ಟ. ಬ್ಯಾಟರಿ ಸತ್ತರೆ ಪಕ್ಕದ ಮನೆಯವರ ನಂಬರೂ ನೆನಪಿಗೆ ಬರುವುದಿಲ್ಲ. ಮಕ್ಕಳಿಗೆ ಚೀಟಿಯನ್ನು ಒಳಜೇಬಿಗೆ ಹಾಕಿ ಪಿನ್ ಮಾಡಿ.

ಮೂರನೆಯದು ಬದಲು ಬಟ್ಟೆ. ಭಾಗಮಂಡಲದ ತ್ರಿವೇಣಿ ಸಂಗಮದಲ್ಲಿ, ಅಂದರೆ ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರುವಲ್ಲಿ ಮೊದಲು ಮುಳುಗಿ ಏಳುತ್ತೇವೆ. ಮೇಲೆ ಕೊಳದಲ್ಲಿ ಮತ್ತೆ ಮೀಯುವವರೂ ಇದ್ದಾರೆ. ಅಂಥವರಿಗೆ ಎರಡು ಜೊತೆ ಬೇಕು. ಒಂದು ಜೊತೆ ಬಸ್ಸಿನಲ್ಲಿ ಬಿಡಿ, ಎರಡನೆಯದು ಚೀಲದಲ್ಲಿರಲಿ. ದಪ್ಪ ಟರ್ಕಿ ಟವೆಲ್ ಬೇಡ, ಒದ್ದೆಯಾದರೆ ಅದೇ ಎರಡರಷ್ಟು ಭಾರ. ತೆಳ್ಳಗಿನ ಹತ್ತಿ ಟವೆಲ್ ಸಾಕು. ರೇಷ್ಮೆ ಸೀರೆ ಉಡಬೇಕೆಂದು ಆಸೆ ಇದ್ದವರು ವಾಪಸ್ ಬಂದು ಮನೆಯಲ್ಲಿ ಕಾವೇರಮ್ಮನಿಗೆ ಮಾಡುವ ಕಣಿ ಪೂಜೆಗೆ ಉಟ್ಟುಕೊಳ್ಳಿ. ಮೇಲಕ್ಕೆ ಹತ್ತಿ ಸೀರೆ ಅಥವಾ ಚೂಡಿದಾರ್ ಅನುಕೂಲ.

ಒದ್ದೆ ಬಟ್ಟೆಗೆ ನೀರು ಸೋರದ ಚೀಲವೊಂದು ಪ್ರತಿಯೊಬ್ಬರ ಹತ್ತಿರವೂ ಬೇಕು. ಇದನ್ನು ಎಲ್ಲರದ್ದು ಅಂತ ಮಾಡಲು ಹೋಗಬೇಡಿ. ನಾವು ಒಮ್ಮೆ ದೊಡ್ಡ ಗೋಣಿಚೀಲಕ್ಕೆ ಎಲ್ಲರ ಒದ್ದೆ ಬಟ್ಟೆ ತುಂಬಿದೆವು. ಸೀರೆಯ ಬಣ್ಣ ಪಂಚೆಗೆ ಹತ್ತಿತು, ಬಿಡಿಸಿ ಹಂಚಲು ಒಂದು ಗಂಟೆ ಹೋಯಿತು. ಮಿಂದ ಹಳೆ ಬಟ್ಟೆಯನ್ನು ಹೊಳೆಯಲ್ಲೇ ಬಿಡುವುದು ಖಂಡಿತ ಬೇಡ. ಅದು ಹೊಳೆಯಲ್ಲೇ ಕೊಳೆಯುತ್ತದೆ. ಆ ನೀರೇ ನಮ್ಮೂರಿಗೂ ಬರುವುದು, ಅಲ್ವಾ?

ಮಳೆಗೆ ಕೊಡೆಗಿಂತ ರೇನ್‌ಕೋಟ್ ಒಳ್ಳೆಯದು. ಕೊಡೆ ಹಿಡಿದರೆ ಒಂದು ಕೈ ಹೋಯಿತು, ಕಡ್ಡಿ ಪಕ್ಕದವರ ಕಣ್ಣಿಗೆ. ಕುಂಡಿಕೆಯ ಹತ್ತಿರ ಕೊಡೆ ಬಿಡಿಸಲೂ ಜಾಗ ಇರುವುದಿಲ್ಲ. ಉಳಿದದ್ದು ಬೇಗ ಹೇಳುತ್ತೇನೆ: ಸ್ವೆಟರ್, ತಲೆಗೆ ಟೋಪಿ ಅಥವಾ ಮಫ್ಲರ್, ಅರ್ಧ ಲೀಟರಿನ ನೀರಿನ ಬಾಟಲಿ, ಕಾಣಿಕೆಗೆ ಚಿಲ್ಲರೆ, ಗುರುತಿನ ಚೀಟಿ. ಬಂಗಾರ ಮನೆಯಲ್ಲಿರಲಿ.

ತೀರ್ಥದ ಪಾತ್ರೆಯೂ ಇಲ್ಲೇ ಸೇರಬೇಕು. ಎಲ್ಲರಿಗೂ ಸೇರಿ ಒಂದು ದೊಡ್ಡ ಕ್ಯಾನ್ ಒಯ್ಯೋಣ ಅಂತ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ನೂಕುನುಗ್ಗಲಿನಲ್ಲಿ ಐದು ಲೀಟರ್ ಕ್ಯಾನ್ ತುಂಬಿಸಿ ಎತ್ತಿ ತರುವುದು ಆಗದ ಮಾತು. ಮನೆಗೊಂದು ಚಿಕ್ಕ ಬಾಟಲಿ, ತಿರುಗಿಸಿ ಮುಚ್ಚುವ ಮುಚ್ಚಳದ್ದು, ಸ್ಟೀಲ್ ಅಥವಾ ತಾಮ್ರದ್ದು ಸಾಕು. ಮುಚ್ಚಳ ಸೋರುತ್ತದಾ ಅಂತ ಹಿಂದಿನ ದಿನ ನೀರು ತುಂಬಿ ಕೆಳಮುಖ ಮಾಡಿ ರಾತ್ರಿಯಿಡೀ ಬಿಟ್ಟು ನೋಡಿ. ಮೇಲೆ ಮನೆಯ ಹೆಸರಿನ ಬಟ್ಟೆಪಟ್ಟಿ ಅಂಟಿಸಿ. ಬಾವಿಗೆ ಹಾಕಲು, ದೇವರ ಕೋಣೆಯಲ್ಲಿಡಲು, ಮಲಗಿದ ಹಿರಿಯರ ಬಾಯಿಗೆ ಬಿಡಲು ಅದೇ ಬೇಕಾದಷ್ಟು.

ಗುಂಪಿನ ಚೀಲ

ಮೊದಲಿನ ಎರಡು ಪಟ್ಟಿಯಲ್ಲಿ ಇಲ್ಲದೆ ಇದ್ದದ್ದೇ ಇದು. ಆರು ಜನಕ್ಕೆ ಒಂದು ಚೀಲ, ಮೂರು ನಾಲ್ಕು ಕಿಲೋಗಿಂತ ಭಾರ ಬೇಡ. ಗಂಟೆಗೊಬ್ಬರು ಹೊರಬೇಕು. ಆರು ಚೀಲದಲ್ಲೂ ಒಂದೇ ಸಾಮಾನು ಇರಲಿ. ಆಗ ಯಾವ ಗುಂಪು ಎಲ್ಲಿ ಸಿಕ್ಕಿಹಾಕಿಕೊಂಡರೂ ತಮ್ಮ ಕಾಲಮೇಲೆ ತಾವು ನಿಲ್ಲಬಹುದು.

ನಮ್ಮ ಚೀಲದಲ್ಲಿ ಇರುವುದು ಇಷ್ಟು. ಎರಡು ಟಾರ್ಚು, ಒಂದು ಮುಂದೆ ನಡೆಯುವವರಿಗೆ, ಒಂದು ಕೊನೆಯವರಿಗೆ. ಒಂದು ಪವರ್ ಬ್ಯಾಂಕ್, ಎರಡು ಬಗೆಯ ವಯರ್. ಒಂದು ಲೀಟರಿನ ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ, ಆರು ಚಿಕ್ಕ ಸ್ಟೀಲ್ ಲೋಟ. ಹಾಲು ಹಾಕಿದರೆ ಗಂಟೆಗಟ್ಟಲೆ ಇಡಲಾಗುವುದಿಲ್ಲ, ಬರೀ ಬೆಲ್ಲದ ಕಾಫಿ ಚೆನ್ನಾಗಿರುತ್ತದೆ. ಹುರಿಗಡಲೆ, ಕಡಲೆಕಾಯಿ ಚಿಕ್ಕಿ, ಬಾಳೆಹಣ್ಣು. ಔಷಧದ ಪುಟ್ಟ ಡಬ್ಬಿಯಲ್ಲಿ ಅಂಟುಪಟ್ಟಿ, ಗಾಯಕ್ಕೆ ಹಚ್ಚುವ ಮುಲಾಮು, ಕಟ್ಟುವ ಬಟ್ಟೆ, ಎರಡು ಓಆರ್‌ಎಸ್ ಪೊಟ್ಟಣ, ಪ್ಯಾರಾಸಿಟಮಾಲ್. ಜಿಗಣೆಗೆ ಒಂದು ಪೊಟ್ಟಣ ಉಪ್ಪು. ದಾರಿ ಬದಿ ಹುಲ್ಲಿನಲ್ಲಿ ಕಾಲಿಟ್ಟರೆ ಒದ್ದೆ ದಿನಗಳಲ್ಲಿ ಜಿಗಣೆ ಹತ್ತದೆ ಬಿಡುವುದಿಲ್ಲ. ಎಳೆದು ಕೀಳಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ. ಆಮೇಲೆ ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಹೆದರಬೇಡಿ, ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಇನ್ನೊಂದು, ಚಪ್ಪಲಿ ಚೀಲ. ದಪ್ಪ ಬಟ್ಟೆಯ ಖಾಲಿ ಚೀಲ ಮಡಚಿ ಇಟ್ಟಿರಿ. ಮೆಟ್ಟಿಲ ಬುಡದಲ್ಲಿ ಬಿಟ್ಟ ಚಪ್ಪಲಿ ಸಾವಿರಾರು ಜೋಡಿಯ ನಡುವೆ ಸಿಗುವುದು ಅದೃಷ್ಟ. ಆರು ಜೋಡಿಯನ್ನೂ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಒಂದು ಗುರುತಿನ ಜಾಗದಲ್ಲಿ ಇಟ್ಟರೆ ಹುಡುಕುವುದು ಸುಲಭ. ನಮ್ಮದಕ್ಕೆ ಕೆಂಪು ರಿಬ್ಬನ್ ಕಟ್ಟುತ್ತೇವೆ.

ಪೂಜೆಯ ಸಾಮಾನು, ಅಂದರೆ ತೆಂಗಿನಕಾಯಿ, ಬಾಳೆಹಣ್ಣು, ಕರ್ಪೂರ, ಊದಿನಕಡ್ಡಿ, ಹೂವು ಗುಂಪಿಗೆ ಒಂದು ತಟ್ಟೆಯಷ್ಟು ಸಾಕು. 36 ಕಾಯಿ ಹೊತ್ತುಕೊಂಡು ಹೋದ ವರ್ಷವೂ ಇತ್ತು. ಹರಕೆ ಹೊತ್ತವರ ಕಾಯಿ ಮಾತ್ರ ಅವರದ್ದೇ, ಅದನ್ನು ಇದರಲ್ಲಿ ಸೇರಿಸಬಾರದು. ಹಿರಿಯರಿಗೆ ಪಿಂಡ ಬಿಡುವವರು ಇದ್ದರೆ ಅವರ ಸಾಮಾನೂ ಹಾಗೆಯೇ ಬೇರೆ. ಏನೇನು ತರಬೇಕು ಅಂತ ಅಲ್ಲಿನ ಭಟ್ಟರನ್ನು ಮೊದಲೇ ಕೇಳಿಕೊಳ್ಳಿ.

ಬಸ್ಸಿನಲ್ಲಿ ಉಳಿಯುವುದು

ಇಲ್ಲಿ ತಪ್ಪುವುದು ಹಂಚಿಕೆಯಲ್ಲಿ. "ಯಾರಾದರೂ ತನ್ನಿ" ಅಂದರೆ ಐದು ಮನೆಯವರು ಉಪ್ಪಿನಕಾಯಿ ತರುತ್ತಾರೆ, ಸೌಟು ಒಬ್ಬರೂ ತರುವುದಿಲ್ಲ. ಹಾಗಾಗಿ ಒಂದೊಂದು ಸಾಮಾನಿನ ಎದುರು ಒಂದೇ ಮನೆಯ ಹೆಸರು ಬರೆಯಿರಿ. ಎರಡು ಮನೆಯ ಹೆಸರು ಬರೆದರೆ ಇಬ್ಬರೂ ಇನ್ನೊಬ್ಬರು ತರುತ್ತಾರೆ ಅಂತ ಸುಮ್ನೆ ಇದ್ದುಬಿಡುತ್ತಾರೆ.

ಊಟದ ವಿಷಯ ಹೇಳುತ್ತೇನೆ. ಜಾತ್ರೆಯಲ್ಲಿ ಅನ್ನದಾನ ಇರುತ್ತದೆ, ಹಾಗಾಗಿ ನಾವು ಒಂದು ಹೊತ್ತಿನ ಬುತ್ತಿ ಮಾತ್ರ ಒಯ್ಯುತ್ತೇವೆ. ಕಲಸಿದ ಅನ್ನಕ್ಕೆ ತಲೆಗೆ ನೂರು ಗ್ರಾಂ ಅಕ್ಕಿ ಹಿಡಿಯಿರಿ. 36 ಜನಕ್ಕೆ ಮೂರೂವರೆ ಕಿಲೋ ಚಿಲ್ಲರೆ, ಡ್ರೈವರ್ ಮತ್ತು ದಾರಿಯಲ್ಲಿ ಬಂದವರಿಗೂ ಸೇರಿ ನಾಲ್ಕು ಕಿಲೋ. ಇದನ್ನು ಒಂದೇ ಮನೆಗೆ ಹೊರಿಸಬೇಡಿ. ನಾಲ್ಕು ಮನೆ, ತಲಾ ಒಂದು ಕಿಲೋ. ಒಂದೇ ಮನೆಯಲ್ಲಿ ಗೊಜ್ಜು ಮಾಡಿ ನಾಲ್ಕು ಮನೆಗೂ ಹಂಚಿದರೆ ರುಚಿ ಒಂದೇ ಆಗುತ್ತದೆ. ಪುಳಿಯೋಗರೆ ಆಗಲಿ. ಹುಳಿ, ಎಣ್ಣೆ ಇರುವುದರಿಂದ ತಡೆಯುತ್ತದೆ. ಕಾಯಿತುರಿ ಹಾಕಿದ ಚಿತ್ರಾನ್ನ, ಕಾಯಿಚಟ್ನಿ ಬಿಸಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೇಗ ಹಳಸುತ್ತದೆ. ಅನ್ನವನ್ನು ಹರಡಿ ಆರಿಸಿ ಕಲಸಿ, ಬಿಸಿಬಿಸಿ ತುಂಬಿದರೆ ಬೆವರಿ ಕೆಡುತ್ತದೆ. ಮುಚ್ಚಳ ತೆಗೆದಾಗ ಹುಳಿವಾಸನೆ ಬಂದರೆ, ಮುಟ್ಟಿದರೆ ಲೋಳೆ ಅನಿಸಿದರೆ ಮಕ್ಕಳಿಗಂತೂ ಕೊಡಬೇಡಿ. ಜೊತೆಗೆ ಅಕ್ಕಿರೊಟ್ಟಿ, ಚಟ್ನಿಪುಡಿ. ತಟ್ಟೆಗೆ ಅಡಿಕೆಹಾಳೆಯದ್ದು. ಪ್ಲಾಸ್ಟಿಕ್ ಲೋಟ ತಟ್ಟೆ ಬೇಡ.

ಉಳಿದ ಪಟ್ಟಿ: 20 ಲೀಟರಿನ ಎರಡು ನೀರಿನ ಕ್ಯಾನ್, ಎರಡು ಟಾರ್ಪಾಲು, ನಾಲ್ಕು ಜಮಖಾನೆ, ಕಂಬಳಿ, ಹೆಂಗಸರು ಬಟ್ಟೆ ಬದಲಾಯಿಸಲು ಅಡ್ಡ ಕಟ್ಟುವ ಎರಡು ಹಳೆ ಬೆಡ್‌ಶೀಟ್ ಮತ್ತು ಹಗ್ಗ, ಎರಡು ಬಕೆಟ್, ಚೊಂಬು, ಕಸದ ಚೀಲ, ದೊಡ್ಡ ಔಷಧ ಡಬ್ಬಿ. ಮಡಿಕೇರಿ ದಾಟಿದ ಮೇಲೆ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವವರು ಇದ್ದೇ ಇರುತ್ತಾರೆ. ಅವರಿಗೆ ನಿಂಬೆಹಣ್ಣು, ಶುಂಠಿ, ಕಾಗದದ ಚೀಲ ಮುಂದಿನ ಸೀಟಿನಲ್ಲೇ ಕೈಗೆಟಕುವಂತೆ ಇಡಿ, ಡಿಕ್ಕಿಗೆ ಹಾಕಬೇಡಿ. ವಾಂತಿ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಅರ್ಧ ಗಂಟೆ ಮೊದಲೇ ನುಂಗಬೇಕು.

ಸಾಮಾನಿನ ಹಣ ಇಬ್ಬರ ಹತ್ತಿರ ಇರಲಿ, ಒಬ್ಬರು ಖರ್ಚು ಮಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಇಬ್ಬರೂ ಬೇರೆ ಬೇರೆ ಗುಂಪಿನವರಾದರೆ ಒಳ್ಳೆಯದು.

ಹಿಂದಿನ ಸಂಜೆ ಮತ್ತು ವಾಪಸಾತಿ

ಹೊರಡುವ ಹಿಂದಿನ ಸಂಜೆ ಆರು ಮುಂದಾಳುಗಳೂ ಒಂದು ಮನೆಯ ಜಗಲಿಯಲ್ಲಿ ಸೇರಿ ಗುಂಪಿನ ಚೀಲ ಬಿಚ್ಚಿ ತೋರಿಸಬೇಕು. ಟಾರ್ಚು ಉರಿಸಿ ನೋಡಿ. ಒಮ್ಮೆ ಆರು ಚೀಲದಲ್ಲಿ ಎರಡರ ಟಾರ್ಚಿನ ಸೆಲ್ ಸೋರಿ ಹಸಿರು ಕಟ್ಟಿತ್ತು, ಅಲ್ಲೇ ಕಂಡಿದ್ದರಿಂದ ಅಂಗಡಿ ಮುಚ್ಚುವ ಮೊದಲು ಹೊಸದು ತಂದೆವು. ಮೇಲೆ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅನ್ನುವುದನ್ನೂ ಆಗಲೇ ತೀರ್ಮಾನಿಸಿ. ಕುಂಡಿಕೆಯ ಹತ್ತಿರ ಅಂತ ಹೇಳಬೇಡಿ, ಅಲ್ಲಿ ನಿಲ್ಲಲೇ ಬಿಡುವುದಿಲ್ಲ. ನಾವು ಭಾಗಮಂಡಲದಲ್ಲಿ ನಮ್ಮ ಬಸ್ಸು ನಿಂತ ಜಾಗವನ್ನೇ ಹೇಳುತ್ತೇವೆ. ಇಳಿದ ಕೂಡಲೇ ಎಲ್ಲರೂ ಒಂದು ಸಲ ಸುತ್ತ ನೋಡಿ ಗುರುತು ಇಟ್ಟುಕೊಳ್ಳುತ್ತೇವೆ.

ವಾಪಸ್ ಹೊರಡುವಾಗ ತಲೆ ಎಣಿಸಿದ ಮೇಲೆ ಪಾತ್ರೆ ಎಣಿಸಿ. ಪಾತ್ರೆಗೆಲ್ಲ ಮನೆಯ ಗುರುತು ಮೊದಲೇ ಬಣ್ಣದಲ್ಲಿ ಹಾಕಿಟ್ಟಿದ್ದರೆ ಊರಲ್ಲಿ ಹಂಚುವುದು ಹತ್ತು ನಿಮಿಷದ ಕೆಲಸ. ತೀರ್ಥ ಸಿಗದ ಮನೆ ಒಂದೆರಡು ಇದ್ದೇ ಇರುತ್ತದೆ. ಬಸ್ಸಿನಲ್ಲೇ, ಉಳಿದವರ ಬಾಟಲಿಗಳಿಂದ ಒಂದೊಂದು ಉದ್ಧರಣೆಯಷ್ಟು ಅವರ ಬಾಟಲಿಗೆ ಬಿಡಿ. ಹೋದ ಸಲ ಕೈಗೂಸಿನ ತಾಯಿಗೆ ಕುಂಡಿಕೆಯ ಹತ್ತಿರ ಹೋಗಲೂ ಆಗಿರಲಿಲ್ಲ. ಮಡಿಕೇರಿ ಬರುವಷ್ಟರಲ್ಲಿ ಅವರ ತಾಮ್ರದ ಬಾಟಲಿ ಮುಕ್ಕಾಲು ತುಂಬಿತ್ತು.